ಒರೆಸಬೇಡಿ ಎಂಬ ಸಾಲು

ಶಿವಾಜಿನಗರದ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಒಂದು ಆಸ್ಪತ್ರೆಯಲ್ಲಿ, ಮಕ್ಕಳ ಹೊರರೋಗಿ ವಿಭಾಗದ ಮೂಲೆಯ ಮೇಜು ನನ್ನದು. ನಾನು ನರ್ಸ್. ಇಂಜೆಕ್ಷನ್ ಚುಚ್ಚುವ, ಡ್ರಿಪ್ ಹಾಕುವ ಕೆಲಸ ಬಿಟ್ಟು ಎಂಟು ವರ್ಷವಾಯಿತು. ಮೊಣಕಾಲು ಕೈಕೊಟ್ಟ ಮೇಲೆ ವಾರ್ಡಿನಿಂದ ಈ ಮೇಜಿಗೆ ಹಾಕಿದರು. ಅಸ್ತಮಾ ಇರುವ ಮಗುವಿಗೆ ಡಾಕ್ಟರು ಇನ್‌ಹೇಲರ್ ಬರೆದು, "ಸಿಸ್ಟರ್ ಹತ್ತಿರ ಹೋಗಿ, ಹೇಳ್ಕೊಡ್ತಾರೆ" ಎಂದು ನನ್ನ ಕಡೆ ಕಳಿಸುತ್ತಾರೆ. ನಾನು ಹೇಳಿಕೊಡುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಮಧ್ಯಾಹ್ನ ಎರಡರವರೆಗೆ ಅದೇ ಮಾತು. ಮುಚ್ಚಳ ತೆಗೀರಿ, ಚೆನ್ನಾಗಿ ಕುಲುಕಿ, ಸ್ಪೇಸರ್‌ಗೆ ಸಿಕ್ಕಿಸಿ, ಮಗು ನೆಟ್ಟಗೆ ಕೂತಿರಲಿ, ತುಟಿ ಬಿಗಿಯಾಗಿ ಮುಚ್ಚಲಿ, ಒಂದೇ ಒಂದು ಸಲ ಒತ್ತಿ, ಐದು ಉಸಿರು ನಿಧಾನವಾಗಿ. ಎರಡನೇ ಸಲಕ್ಕೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮತ್ತೆ ಮೊದಲಿಂದ. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಲಿ. ಕನ್ನಡದಲ್ಲಿ ಹೇಳಿ, ತಮಿಳಿನಲ್ಲಿ ಹೇಳಿ, ನನ್ನ ಹರಕು ಉರ್ದುವಿನಲ್ಲಿ ಹೇಳಿ ಬಾಯಿ ಒಣಗುತ್ತದೆ. ಕೆ.ಆರ್. ಪುರದ ಮನೆಗೆ ಹೋಗಿ ಕೂತರೆ ನನ್ನ ಯಜಮಾನರು ಕಾಫಿ ಬೇಕಾ ಎಂದು ಕೇಳಿದರೂ ತಲೆಯಾಡಿಸುತ್ತೇನೆ, ಬಾಯಿ ತೆರೆಯುವುದಿಲ್ಲ.

ಸ್ಪೇಸರ್ ಎಂದರೆ ಒಂದು ಗೇಣು ಉದ್ದದ ಪ್ಲಾಸ್ಟಿಕ್ ಕೊಳವೆ, ಹೊಟ್ಟೆ ಸ್ವಲ್ಪ ಉಬ್ಬಿರುತ್ತದೆ. ಇನ್‌ಹೇಲರಿನ ಪಂಪನ್ನು ನೇರ ಬಾಯಿಗೆ ಒತ್ತಿದರೆ ಔಷಧಿ ರಭಸದಿಂದ ಹೋಗಿ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಸಲು ಮಕ್ಕಳಿಗೆ ಆಗುವುದೂ ಇಲ್ಲ. ಸ್ಪೇಸರ್ ಇದ್ದರೆ ಔಷಧಿ ಅದರೊಳಗೆ ಮಂಜಿನ ಹಾಗೆ ಒಂದು ಕ್ಷಣ ನಿಲ್ಲುತ್ತದೆ, ಮಗು ಉಸಿರೆಳೆದಂತೆ ಒಳಗೆ ಹೋಗುತ್ತದೆ. ಇಷ್ಟೇ ವಿದ್ಯೆ. ಈ ಇಷ್ಟು ವಿದ್ಯೆಯನ್ನು ಹಾಳು ಮಾಡುವುದಕ್ಕೆ ಇರುವ ದಾರಿಗಳನ್ನೆಲ್ಲ ನಾನು ನೋಡಿದ್ದೇನೆ. ಒಂದೇ ಏಟಿಗೆ ಎರಡು ಸಲ ಒತ್ತಿ "ಟೈಮ್ ಉಳೀತು" ಎನ್ನುವವರು. ಕೆಮ್ಮು ನಿಂತ ಮೂರನೇ ದಿನಕ್ಕೇ, ದಿನಾ ಕೊಡಬೇಕಾದ ಪಂಪನ್ನು ನಿಲ್ಲಿಸಿ, ಮೂರನೇ ವಾರ ಏದುಸಿರಿನ ಮಗುವನ್ನು ಎತ್ತಿಕೊಂಡು ಓಡಿಬರುವವರು. ಸ್ಪೇಸರನ್ನು ಮನೆಗೆ ಒಯ್ದ ದಿನದಿಂದ ನೀರು ತೋರಿಸದವರು, ಮುಖ್ಯವಾಗಿ ಅವರು. ಒಬ್ಬರ ಸ್ಪೇಸರಿನೊಳಗೆ ಇರುವೆ ಸಾಲು ಹಿಡಿದಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ. ಬಂದ ಸಿಟ್ಟನ್ನು ಮುಚ್ಚಿಡುವ ಕಲೆ ನನಗೆ ಒಲಿಯಲಿಲ್ಲ.

ಹಾಗಾಗಿ ಡಾಕ್ಟರಮ್ಮ ಒಂದು ದಿನ, "ನೀವೇ ಒಂದು ಪಾಂಪ್ಲೆಟ್ ಬರೀರಿ ಸಿಸ್ಟರ್, ಅಪ್ಪ ಅಮ್ಮಂದಿರಿಗೆ ಕೊಡೋಣ. ನಿಮ್ಮ ಗಂಟಲೂ ಉಳಿಯತ್ತೆ, ಅವರ ಮರ್ಯಾದೇನೂ ಉಳಿಯತ್ತೆ" ಎಂದರು. ನಮ್ಮ ಡಾಕ್ಟರಮ್ಮ ನನಗಿಂತ ಹದಿನೈದು ವರ್ಷ ಚಿಕ್ಕವರು, ನಗುತ್ತಲೇ ಕುಟುಕುತ್ತಾರೆ.

ಎರಡು ಭಾನುವಾರ ಕೂತು ಬರೆದೆ. ಸಾಲುಗಳನ್ನು ಅಳೆದು ತೂಗಿ ಬರೆದೆ ಎಂದೇ ನನ್ನ ಹೆಮ್ಮೆ. ಡಾಕ್ಟರಮ್ಮ ಓದಿ ಒಪ್ಪಿದರು. ತಮಿಳು, ಉರ್ದು, ಇಂಗ್ಲಿಷ್ ಮಾಡಿಸಿ ಪ್ರಿಂಟಿಂಗ್ ಪ್ರೆಸ್ಸಿಗೆ ಕೊಟ್ಟಾಗ ತೊಂದರೆ ಶುರುವಾಯಿತು. ನಾಲ್ಕೂ ಭಾಷೆ ಒಂದೇ ಹಾಳೆಯಲ್ಲಿ ಬರಬೇಕು, ಚಿತ್ರವೂ ಇರಬೇಕು. ಪ್ರೆಸ್ಸಿನವನು ಫೋನ್ ಮಾಡಿ, "ಮೇಡಂ, ತಮಿಳು ಕೆಳಗಡೆ ಇಳಿದು ಹೋಗ್ತಿದೆ. ಅಕ್ಷರ ಚಿಕ್ಕದು ಮಾಡ್ಲಾ, ಎರಡು ಸಾಲು ತೆಗೀತೀರಾ?" ಎಂದ. ಅಕ್ಷರ ಚಿಕ್ಕದು ಮಾಡಿದರೆ ಅಜ್ಜಿಯರು ಓದುವುದಿಲ್ಲ. ಆಗ ನಾನು ಮೆಟ್ರೊದಲ್ಲಿ ನಿಂತಿದ್ದೆ, ಇಂದಿರಾನಗರ ದಾಟಿತ್ತು, ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಫೋನು. ಕೊನೆಯ ಮೂರು ಸಾಲು ನೆನಪು ಮಾಡಿಕೊಂಡೆ. ಸ್ಪೇಸರನ್ನು ವಾರಕ್ಕೊಮ್ಮೆ ಬಿಡಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ಉಗುರು ಬೆಚ್ಚನೆಯ ನೀರಿನಲ್ಲಿ ನೆನೆಸಿ. ಉಜ್ಜಬೇಡಿ. ಬಟ್ಟೆಯಿಂದ ಒರೆಸಬೇಡಿ, ತಾನಾಗಿ ಒಣಗಲಿ.

ತೊಳೆದರೇ ಹೆಚ್ಚು, ಇವರೆಲ್ಲಿ ಒರೆಸುತ್ತಾರೆ ಎಂದುಕೊಂಡೆ. "ಆ ಮೂರೂ ತೆಗ್ದು, ಸ್ಪೇಸರನ್ನು ಸದಾ ಶುಚಿಯಾಗಿಡಿ ಅಂತ ಹಾಕ್ಬಿಡಿ" ಎಂದೆ. ಬೆನ್ನಿಗಾನಹಳ್ಳಿ ಬರುವುದರೊಳಗೆ ಮರೆತೆ. ಡಾಕ್ಟರಮ್ಮನಿಗೆ ಮತ್ತೆ ತೋರಿಸಲೂ ಇಲ್ಲ.

ಆ ಅಪ್ಪ ಮಗಳು ನನ್ನ ಮೇಜಿಗೆ ಮೊದಲ ಸಲ ಬಂದದ್ದು ಹಾಳೆ ಅಚ್ಚಾಗಿ ಬಂದ ವಾರದಲ್ಲೇ. ಹುಡುಗಿಗೆ ಎಂಟು ವರ್ಷ, ಎರಡು ಜಡೆ, ಒಂದು ಹಲ್ಲಿಲ್ಲ. ಉಬ್ಬಸ ಹೆಚ್ಚಾಗಿ ಎರಡು ದಿನ ನಮ್ಮಲ್ಲೇ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದಳು. ಅಪ್ಪನಿಗೆ ಶಿವಾಜಿನಗರದ ಗಲ್ಲಿಯೊಂದರಲ್ಲಿ ಕನ್ನಡಕದ ಅಂಗಡಿ; ಎರಡು ಜನ ನಿಂತರೆ ತುಂಬಿತು, ಅಷ್ಟೇ ಜಾಗ. ಮಾತು ಮೆಲ್ಲಗೆ. ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು, ಹಾಳೆಯನ್ನು ಎರಡು ಸಲ ಓದಿದರು, ಮಡಿಸದೆ ಫೈಲಿನಲ್ಲಿಟ್ಟುಕೊಂಡರು. ನನ್ನ ಹಾಳೆ ಅನೇಕರ ಕೈಯಲ್ಲಿ ಕಡಲೆಕಾಯಿ ಪೊಟ್ಟಣವಾಗುವುದನ್ನು ಕಂಡವಳು ನಾನು. ಮಡಿಸದೆ ಒಯ್ದವರು ಇವರೊಬ್ಬರೇ.

ತಿಂಗಳ ನಂತರ ಬಂದರು. "ಮಾಡಿ ತೋರ್ಸಿ" ಎಂದೆ. ಚೀಲದಿಂದ ಸ್ಪೇಸರ್ ತೆಗೆದರೆ ಕಣ್ಣು ಕೋರೈಸಿತು. ಒಂದು ಕಲೆ ಇಲ್ಲ, ಬೆರಳಚ್ಚಿಲ್ಲ. ಕುಲುಕಿದ್ದು, ಸಿಕ್ಕಿಸಿದ್ದು, ಮಗಳ ಬೆನ್ನು ನೇರ ಮಾಡಿದ್ದು, ಒಂದು ಒತ್ತು, "ಆಹಿಸ್ತಾ ಬೇಟಾ" ಎಂದು ನಿಧಾನವಾಗಿ ಐದು ಬೆರಳು ಮಡಿಸಿ ಎಣಿಸಿದ್ದು, ಎಲ್ಲ ನಾನು ಬರೆದ ಹಾಗೇ. ನಾನೇ ಅಷ್ಟು ಚೆನ್ನಾಗಿ ತೋರಿಸುವುದಿಲ್ಲ. "ಸ್ಪೇಸರ್ ಕ್ಲೀನ್ ಮಾಡ್ತೀರಾ?" ಎಂದರೆ "ದಿನಾ ಎರಡು ಸಲ ಸಿಸ್ಟರ್" ಎಂದರು. ಆ ಸ್ಪೇಸರನ್ನು ಅವರ ಕೈಯಿಂದ ತೆಗೆದುಕೊಂಡು, ಬೆಂಚಿನಲ್ಲಿ ಕೂತಿದ್ದ ಅಪ್ಪ ಅಮ್ಮಂದಿರಿಗೆಲ್ಲ ಎತ್ತಿ ತೋರಿಸಿದೆ. "ನೋಡಿ, ಹಿಂಗಿರ್ಬೇಕು. ಇವರನ್ನ ನೋಡಿ ಕಲೀರಿ." ಹೊಸ ತಿಪ್ಪಸಂದ್ರದಿಂದ ಬರುವ ಒಬ್ಬ ತಾಯಿ ತನ್ನ ಮಂಕು ಹಿಡಿದ ಸ್ಪೇಸರನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಮಗು ಮಾತ್ರ ಸುಧಾರಿಸಿರಲಿಲ್ಲ. ವಾರದಲ್ಲಿ ಮೂರು ರಾತ್ರಿ ಕೆಮ್ಮಿ ಏಳುತ್ತಾಳೆ, ಶಾಲೆಯ ಮೆಟ್ಟಿಲಲ್ಲಿ ಅರ್ಧಕ್ಕೆ ಕೂರುತ್ತಾಳೆ, ಉಬ್ಬಸ ಬಂದಾಗ ಕೊಡುವ ಇನ್ನೊಂದು ಪಂಪು ದಿನ ಬಿಟ್ಟು ದಿನ ಬೇಕಾಗುತ್ತದೆ. ಅವಳ ಅಜ್ಜಿ ಪಂಪು ಎಸೆದು ಯುನಾನಿ ಲೇಹ್ಯ ಕೊಡಿ ಎಂದು ಹಟ ಹಿಡಿದಿದ್ದರಂತೆ. ಡಾಕ್ಟರಮ್ಮ ಇನ್ನೊಂದು ತಿಂಗಳು ನೋಡೋಣ ಎಂದರು.

ಎರಡನೇ ತಿಂಗಳೂ ಅದೇ ಕಥೆ. ಆ ದಿನ ಬೆಳಿಗ್ಗೆಯಿಂದ ನನ್ನ ಮೊಣಕಾಲು ಹಿಡಿದುಕೊಂಡಿತ್ತು, ಮಹದೇವಪುರದ ಹತ್ತಿರ ನೀರು ನಿಂತು ಮನೆಯಿಂದ ಸ್ಟೇಷನ್ನಿಗೆ ಬರುವಷ್ಟರಲ್ಲೇ ಸಾಕಾಗಿತ್ತು. ಅವೆಲ್ಲ ನೆಪ, ಗೊತ್ತು. ಡಾಕ್ಟರಮ್ಮ ಚೀಟಿಯಲ್ಲಿ "ಸರಿಯಾಗಿ ಕೊಡುತ್ತಿದ್ದಾರಾ, ಕೇಳಿ" ಎಂದು ಬರೆದು ಕಳಿಸಿದ್ದರು. ಔಷಧಿ ಸರಿ, ವಿಧಾನ ಸರಿ, ಮಗುವಿಗೆ ಗುಣವಿಲ್ಲ ಅಂದರೆ ಕೊಡುತ್ತಿಲ್ಲ ಅಂತಲೇ ಅರ್ಥ. ನನ್ನ ಎಂಟು ವರ್ಷದ ಅನುಭವ ಅದನ್ನೇ ಹೇಳಿತು.

"ದಿನಾ ಕೊಡ್ತಾ ಇದೀರಾ?" ಎಂದೆ.

"ಹೌದು ಸಿಸ್ಟರ್. ಬೆಳಿಗ್ಗೆ ಎರಡು, ಸಾಯಂಕಾಲ ಎರಡು. ಇದೋ ನೋಡಿ." ಖಾಲಿಯಾದ ಪಂಪನ್ನು ಮುಂದಿಟ್ಟರು. ಆ ಪಂಪಿನ ಹಿಂದೆ ಎಷ್ಟು ಉಳಿದಿದೆ ಎಂದು ತೋರಿಸುವ ಅಂಕಿ ಇರುತ್ತದೆ. ನೂರಿಪ್ಪತ್ತು ಒತ್ತು, ದಿನಕ್ಕೆ ನಾಲ್ಕರಂತೆ ಮೂವತ್ತು ದಿನ. ಅಂಕಿ ಸೊನ್ನೆಗೆ ಬಂದದ್ದು ಸರಿಯಾಗಿ ಮೂವತ್ತನೇ ದಿನ.

ನಾನು ಹೇಳಿದೆ, "ಗಾಳಿಗೆ ಒತ್ತಿದ್ರೂ ನಂಬರ್ ಇಳಿಯತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವರು ಪಂಪನ್ನು ಎತ್ತಿಕೊಂಡು ಅದರ ಮುಚ್ಚಳ ಹಾಕಿದರು. ಖಾಲಿ ಪಂಪಿಗೆ ಮುಚ್ಚಳ ಯಾಕೆ, ಆದರೂ ಹಾಕಿದರು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಬ್ಬಾ ಸುಳ್ಳು ಹೇಳಲ್ಲ ಸಿಸ್ಟರ್" ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಸರಿ ಸರಿ, ಮುಂದಿನ ತಿಂಗಳು ಬನ್ನಿ ಎಂದೆ. ಬೆಂಚಿನಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಹಿಂದಿನ ತಿಂಗಳು ಯಾರನ್ನು ನೋಡಿ ಕಲಿಯಿರಿ ಎಂದಿದ್ದೆನೋ ಅವರನ್ನೇ ಅದೇ ಬೆಂಚಿನ ಮುಂದೆ ಸುಳ್ಳುಗಾರ ಮಾಡಿದ್ದೆ.

ಮೂರನೇ ತಿಂಗಳು ಅವರು ಬಂದಾಗ ಡಾಕ್ಟರಮ್ಮ ನಿರ್ಧಾರ ಮಾಡಿಯಾಗಿತ್ತು. ಪಂಪಿನ ಡೋಸ್ ಏರಿಸಿ, ಜೊತೆಗೆ ಇನ್ನೊಂದು ಔಷಧಿ ಸೇರಿಸುವುದು. ಅದಕ್ಕೆ ಮೊದಲು ಒಂದು ಸಲ ವಿಧಾನ ನೋಡಿಬಿಡಿ ಎಂದು ನನ್ನ ಕಡೆ ಕಳಿಸಿದರು. ನನ್ನ ಮುಂದೆ ಅದಾಗಲೇ ಒಬ್ಬ ಅಜ್ಜಿ ಕೂತಿದ್ದರು. ಅಪ್ಪ ಮಗಳು ಪಕ್ಕದ ಬೆಂಚಿನಲ್ಲಿ ಕಾದರು. ಅಜ್ಜಿಗೆ ತಮಿಳಿನಲ್ಲಿ ಹೇಳುತ್ತಾ ಓರೆಗಣ್ಣಿನಲ್ಲಿ ನೋಡಿದೆ. ಆತ ಜೇಬಿನಿಂದ ನೀಲಿ ಬಟ್ಟೆಯ ತುಂಡು ತೆಗೆದು ಸ್ಪೇಸರ್ ಒರೆಸುತ್ತಿದ್ದರು. ಕನ್ನಡಕದ ಜೊತೆ ಕೊಡುತ್ತಾರಲ್ಲ, ಆ ನುಣುಪು ಬಟ್ಟೆ. ಹೊರಗೆ ಒರೆಸಿ, ಬಟ್ಟೆಯನ್ನು ಬೆರಳಿಗೆ ಸುತ್ತಿ ಒಳಗೂ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸುತ್ತಿದ್ದರು. ನನ್ನಿಂದ ಮತ್ತೊಂದು ಮಾತು ಕೇಳಬಾರದು ಎಂದು ಒರೆಸುತ್ತಿದ್ದರು ಅನ್ನಿಸಿ ನನಗೆ ಕಸಿವಿಸಿಯಾಯಿತು.

ಹುಡುಗಿಗೆ ಬೇಸರ. ನನ್ನ ಮೇಜಿನ ಮೇಲಿನ ಹಾಳೆಯೊಂದನ್ನು ಎಳೆದುಕೊಂಡು ಅದರ ಅಂಚನ್ನು ಚೂರು ಚೂರು ಮಾಡಿ ಬೆಂಚಿನ ಮೇಲೆ ಹರಡಿದಳು. ನನ್ನ ಎರಡು ಭಾನುವಾರ ಅಲ್ಲಿ ಚೂರಾಗುತ್ತಿತ್ತು. ಗದರಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಅಪ್ಪನ ಕೈಯಿಂದ ಸ್ಪೇಸರ್ ತೆಗೆದುಕೊಂಡು ಆ ಚೂರುಗಳ ಮೇಲೆ ಹಿಡಿದಳು. ಚೂರುಗಳು ಎದ್ದು ಬಂದು ಸ್ಪೇಸರಿಗೆ ಅಂಟಿಕೊಂಡವು. "ನೋಡಿ ಸಿಸ್ಟರ್, ಮ್ಯಾಜಿಕ್" ಎಂದಳು. ನನ್ನ ಮೇಲೆ ಸಿಟ್ಟಿಟ್ಟುಕೊಂಡಿರಲಿಲ್ಲ ಅವಳು.

ಬಾಚಣಿಗೆಯಿಂದ ತಲೆ ಬಾಚಿ ಕಾಗದದ ಚೂರು ಎತ್ತುವ ಆಟ ನಾವೂ ಶಾಲೆಯಲ್ಲಿ ಆಡಿದವರೇ. ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಒಣ ಬಟ್ಟೆಯಿಂದ ಉಜ್ಜಿದ ಪ್ಲಾಸ್ಟಿಕ್ಕಿಗೆ ಎಳೆಯುವ ಗುಣ ಬರುತ್ತದೆ. ಕಾಗದದ ಚೂರನ್ನು ಎಳೆಯುವುದು ಔಷಧಿಯ ಕಣವನ್ನೂ ಎಳೆಯುತ್ತದೆ. ಪಂಪು ಒತ್ತಿದಾಗ ಎದ್ದ ಮಂಜಿನಲ್ಲಿ ದೊಡ್ಡ ಪಾಲು ಕೊಳವೆಯ ಗೋಡೆಗೆ ಅಂಟುತ್ತದೆ, ಮಗುವಿನ ಎದೆಗೆ ಹೋಗುವುದು ಉಳಿದಷ್ಟು. ಮೂರು ತಿಂಗಳಿಂದ ಈ ತಂದೆ ದಿನಾ ಎರಡು ಸಲ ಶ್ರದ್ಧೆಯಿಂದ ಒರೆಸಿ, ಶ್ರದ್ಧೆಯಿಂದ ಒತ್ತಿ, ಔಷಧಿಯನ್ನು ಪ್ಲಾಸ್ಟಿಕ್ಕಿಗೆ ಕುಡಿಸುತ್ತಿದ್ದರು. ತೊಳೆಯದೆ ಬಿಟ್ಟ ಸೋಮಾರಿಗಳ ಮಕ್ಕಳಿಗೆ ಇವಳಿಗಿಂತ ಹೆಚ್ಚು ಔಷಧಿ ಸಿಕ್ಕಿರಬಹುದು. ಹಾಗೆ ಆಗಬಾರದೆಂದೇ ಆ ಸಾಲು ಇತ್ತು. ಮೆಟ್ರೊದಲ್ಲಿ ನಿಂತು ನಾನೇ ತೆಗೆಸಿದ್ದೆ.

ಅಜ್ಜಿಯನ್ನು ಅರ್ಧಕ್ಕೆ ಬಿಟ್ಟು ಎದ್ದೆ. "ದಿನಾ ಇದೇ ಬಟ್ಟೇಲಿ ಒರೆಸ್ತೀರಾ?"

"ಇದೇ ಸಿಸ್ಟರ್, ಅಂಗಡೀದು. ಒಳ್ಳೇ ಕ್ವಾಲಿಟಿ, ಗೀರು ಬೀಳಲ್ಲ. ಶುಚಿಯಾಗಿಡಿ ಅಂತ ನೀವು ಬರ್ದಿದೀರಲ್ಲ." ಮುಖದಲ್ಲಿ ಗಾಬರಿ. "ಸಾಕಾಗಲ್ವಾ?"

ಸಾಕಾಗಲ್ವಾ ಎಂದು ಕೇಳಿದರು. ಅವರ ಪಕ್ಕ ಬೆಂಚಿನ ಮೇಲೆ ಕೂತೆ.

ವಿಷಯ ಹೇಳಿದೆ. ಅರ್ಧ ಹೇಳುವಾಗಲೇ ಅವರಿಗೆ ಅರ್ಥವಾಗಿತ್ತು. ಕನ್ನಡಕದ ಗಾಜನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಧೂಳು ಮತ್ತೆ ಬಂದು ಕೂರುತ್ತದೆ ಎಂದು ಗಿರಾಕಿಗಳಿಗೆ ದಿನಾ ಹೇಳುವವರು ಅವರೇ. "ನಂಗೇ ಹೊಳೀಬೇಕಿತ್ತು" ಎಂದರು. ಮಗಳ ತಲೆಯ ಮೇಲೆ ಕೈಯಿಟ್ಟು ಅದನ್ನೇ ಇನ್ನೊಂದು ಸಲ ಹೇಳಿದರು. ಆ ಸಾಲು ಇತ್ತು, ನಾನು ತೆಗೆದೆ, ಎಂದು ಹೇಳಬೇಕಾದ ಹೊತ್ತು ಅದು. ಬೆಂಚಿನಲ್ಲಿ ಜನ ಇದ್ದರು. ಹೇಳಲಿಲ್ಲ. ನನ್ನ ನಾಲಿಗೆ ಬೇರೆಯವರ ಮಾನ ತೆಗೆಯುವಾಗ ಬಲು ಚುರುಕು.

ಡಾಕ್ಟರಮ್ಮನಿಗೆ ಮಾತ್ರ ಒಳಗೆ ಹೋಗಿ ಎಲ್ಲ ಹೇಳಿದೆ. ಅವರು ಡೋಸ್ ಏರಿಸುವ ಚೀಟಿಯನ್ನು ಹರಿದರು. "ಅದೇ ಡೋಸ್, ಸರಿಯಾಗಿ ತೊಳೆದ ಸ್ಪೇಸರ್, ನಾಲ್ಕು ವಾರ. ಆಮೇಲೆ ನೋಡೋಣ. ನಡುವೆ ಉಬ್ಬಸ ಜಾಸ್ತಿ ಆದ್ರೆ ತಕ್ಷಣ ಬರ್ಲಿ" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಂದು ಬೋಗುಣಿ ತರಿಸಿ ಅಲ್ಲೇ ತೊಳೆದು ತೋರಿಸಿದೆ. ಬೆಚ್ಚನೆಯ ನೀರು, ಎರಡು ಹನಿ ಲಿಕ್ವಿಡ್, ಬಿಡಿ ಭಾಗಗಳು ಹದಿನೈದು ನಿಮಿಷ ಅದರಲ್ಲಿ. ಎತ್ತಿ ನೀರು ಕೊಡವಿ, ಬಾಯಿಗೆ ತಾಗುವ ತುದಿಯನ್ನಷ್ಟೇ ಬರಿ ನೀರಿನಲ್ಲಿ ತೊಳೆದು, ನೆಟ್ಟಗೆ ನಿಲ್ಲಿಸಿ ಬಿಟ್ಟುಬಿಡುವುದು. ಒಣಗಿದ ಮೇಲೆ ಅದು ಹೊಳೆಯುವುದಿಲ್ಲ, ಸೋಪಿನ ತೆಳುವಾದ ಮಂಕು ಇರುತ್ತದೆ; ಔಷಧಿ ಅಂಟದಂತೆ ತಡೆಯುವುದು ಅದೇ. ಆ ಮಂಕು ನೋಡಿ ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಹುಡುಗಿ ಆ ಕೈ ಹಿಡಿದುಕೊಂಡಳು.

ನಾಲ್ಕು ವಾರ ನಾನು ನೆಮ್ಮದಿಯಾಗಿರಲಿಲ್ಲ. ಉಳಿದ ಹಾಳೆಗಳ ಕಟ್ಟನ್ನು ಮನೆಗೆ ಒಯ್ದು, ಟೀವಿ ಮುಂದೆ ಕೂತು, ಒಂದೊಂದರ ಕೆಳಗೂ ಕೈಯಲ್ಲಿ ಬರೆದೆ: ಸೋಪು ನೀರಲ್ಲಿ ನೆನೆಸಿ ತೊಳೆಯಿರಿ, ಬಟ್ಟೆಯಿಂದ ಒರೆಸಬೇಡಿ, ತಾನಾಗಿ ಒಣಗಲಿ. ತಮಿಳಿಗೆ ಎದುರು ಮನೆಯವರ ಸಹಾಯ ಪಡೆದೆ. ಉರ್ದುವಿಗೆ ನಮ್ಮ ಫಾರ್ಮಸಿಯವರದು. ಹೊಸ ತಿಪ್ಪಸಂದ್ರದ ಆ ತಾಯಿಗೆ ಫೋನ್ ಮಾಡಿದೆ. ನಾನು ಎತ್ತಿ ತೋರಿಸಿದ ದಿನದಿಂದ ಅವಳೂ ಒರೆಸುತ್ತಿದ್ದಳು.

ನಾಲ್ಕನೇ ವಾರ ಅಪ್ಪ ಮಗಳು ಬಂದದ್ದು ನನ್ನ ರಜೆಯ ದಿನ. ಚೆನ್ನಾಗಿದ್ದಾಳೆ, ಉಬ್ಬಸದ ಪಂಪು ಒಂದೇ ಒಂದು ಸಲ ಬೇಕಾಯಿತಂತೆ ಎಂದು ಡಾಕ್ಟರಮ್ಮ ಹೇಳಿದರು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆಗಲಿಲ್ಲ. ಮಾರನೇ ದಿನ ಕೆಲಸ ಮುಗಿಸಿ ಗಲ್ಲಿಯಲ್ಲಿ ಕೇಳಿಕೊಂಡು ಅಂಗಡಿಗೆ ಹೋದೆ.

ಹುಡುಗಿ ಶಾಲೆಯಿಂದ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ನನ್ನನ್ನು ಕಂಡು ಇಳಿದು, ಮೇಲಿನ ಮನೆಗೆ ಹೋಗುವ ಮರದ ಮೆಟ್ಟಿಲನ್ನು ಒಂದೇ ಓಟಕ್ಕೆ ಹತ್ತಿ, "ದಾದಿಮಾ, ಸಿಸ್ಟರ್ ಬಂದಿದಾರೆ" ಎಂದು ಅಜ್ಜಿಯನ್ನು ಕೂಗಿ, ಅದೇ ಓಟದಲ್ಲಿ ಇಳಿದಳು. ನಾನು ಅವಳ ಎದೆಯನ್ನೇ ನೋಡಿದೆ. ಉಸಿರು ನೆಟ್ಟಗಿತ್ತು. ಸಾಲು ಸಾಲು ಕನ್ನಡಕಗಳ ನಡುವೆ ಒಂದು ಗೂಡು ಖಾಲಿ ಮಾಡಿ ಅದರಲ್ಲಿ ಸ್ಪೇಸರ್ ನಿಲ್ಲಿಸಿದ್ದರು, ಮಂಕಾಗಿ ಒಣಗುತ್ತಿತ್ತು.

ಅದರ ಪಕ್ಕದ ಗೋಡೆಗೆ ನನ್ನ ಹಾಳೆ ಅಂಟಿಸಿತ್ತು. ಮಡಿಸದೆ ಒಯ್ದ ಆ ಮೊದಲ ಹಾಳೆ. ಕೆಳಗಿನ ಖಾಲಿ ಅಂಚಿನಲ್ಲಿ ಅವರದೇ ಅಕ್ಷರದಲ್ಲಿ ಒಂದು ಸಾಲು: ಬಟ್ಟೆಯಲ್ಲಿ ಒರೆಸಬೇಡಿ. ನಾನು ಒರೆಸಿದ್ದೆ.

"ಅಂಗಡಿಗೆ ಬರೋರಲ್ಲಿ ಕೆಲವರ ಮನೇಲೂ ಮಕ್ಕಳಿಗೆ ಇದೇ ಪ್ರಾಬ್ಲಮ್ ಸಿಸ್ಟರ್" ಎಂದರು. "ಅದಕ್ಕೆ ಹಾಕ್ದೆ. ನೀವು ಬರ್ದಿದ್ದನ್ನೆಲ್ಲ ಮಾಡಿದ್ದೆ. ಬರೀದೇ ಇದ್ದದ್ದನ್ನೂ ಒಂದು ಮಾಡ್ಬಿಟ್ಟೆ. ಅಷ್ಟೇ ನನ್ನ ತಪ್ಪು."

"ನಿಮ್ಮ ತಪ್ಪಲ್ಲ" ಎಂದೆ. "ಆ ಸಾಲು ಇತ್ತು. ಜಾಗ ಸಾಲದು ಅಂತ ನಾನೇ ತೆಗೆಸ್ದೆ. ಯಾರು ಒರೆಸ್ತಾರೆ ಅಂದ್ಕೊಂಡೆ. ಆಮೇಲೆ ನಿಮ್ಮನ್ನ ಎಲ್ಲರ ಮುಂದೆ ಸುಳ್ಳುಗಾರ ಅಂದೆ."

ಅವರು ಕೈಯಲ್ಲಿದ್ದ ಫ್ರೇಮಿನ ಸ್ಕ್ರೂ ಬಿಗಿ ಮಾಡಿ ಮುಗಿಸಿದರು. "ಆ ದಿನ ಮನೆಗೆ ಹೋಗಿ ನಂಗೇ ಅನುಮಾನ ಬಂದಿತ್ತು ಸಿಸ್ಟರ್" ಎಂದರು. "ಎಲ್ಲೋ ನಾನೇ ಒಂದೊಂದ್ಸಲ ಮರೀತಿದೀನೇನೋ, ಮಗೂಗೆ ಸುಳ್ಳು ಹೇಳ್ತಿದೀನೇನೋ ಅಂತ. ಆಮೇಲಿಂದ ಒತ್ತೋವಾಗ ಇವಳ ಅಮ್ಮೀನ ಎದುರಿಗೆ ನಿಲ್ಲಿಸ್ಕೋತಿದ್ದೆ. ಸಾಕ್ಷಿಗೆ."

ನನ್ನ ಕಣ್ಣು ತುಂಬಿತು. ಮುಚ್ಚಿಡಲಿಲ್ಲ. ಪೆನ್ನು ಕೊಡಿ ಎಂದೆ. ಅವರು ಬರೆದಿದ್ದ ಸಾಲಿನ ಕೆಳಗೆ ಬೆರಳಗಲ ಜಾಗ ಉಳಿದಿತ್ತು. ಗೋಡೆಗೆ ಒರಗಿ, ಎಲ್ಲರಿಗೂ ಓದಲು ಬರುವಷ್ಟು ದೊಡ್ಡದಾಗಿ ಬರೆದೆ: ಒರೆಸಬೇಡಿ ಎಂದು ನಾನು ಹೇಳಿರಲಿಲ್ಲ. ಆಸ್ಪತ್ರೆಯ ಸಿಸ್ಟರ್.

ಹುಡುಗಿ ಪಕ್ಕದಲ್ಲಿ ನಿಂತು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಎರಡೂ ಸಾಲು, ಮಧ್ಯೆ ಎಲ್ಲೂ ಉಸಿರಿಗೆ ನಿಲ್ಲದೆ.